ಗೇಟಿನ ಮುಂದೆ ಒಂದು ರಾತ್ರಿ: ಅತ್ತೆಯ ಪತ್ರ

ಮೈಸೂರು

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನು ಕಳಿಸಿದ ಕಥೆ ಬಂತು, ಓದಿದೆ. ಅದಕ್ಕೂ ಮೊದಲೇ ನಿಮ್ಮಪ್ಪ ಫೋನು ಮಾಡಿ, "ಅಕ್ಕ, ಮಗು ಬೇಜಾರು ಮಾಡ್ಕೊಳ್ಳೋ ಹಾಗೆ ಏನೂ ಬರೀಬೇಡ" ಅಂದ. ತಮ್ಮನ ಮಾತು ಕೇಳಿ ಅಭಿಪ್ರಾಯ ಬದಲಿಸುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ. ಹಾಗಾಗಿ ಅನ್ನಿಸಿದ್ದನ್ನೇ ಬರೆಯುತ್ತಿದ್ದೇನೆ.

ದೆಹಲಿ ವಿಮಾನ ನಿಲ್ದಾಣದಲ್ಲಿ ಇರುಳಿಡೀ ಸಿಕ್ಕಿಬಿದ್ದ ಮೂವರು. ಮಗಳ ಬಾಣಂತನ ಮುಗಿಸಿ ಊರಿಗೆ ಹೊರಟ ತಿಪಟೂರಿನ ಅಜ್ಜಿ, ರಜೆ ಮುಗಿಸಿ ಬೆಂಗಳೂರಿಗೆ ವಾಪಸಾಗುತ್ತಿರುವ ಹರಿಯಾಣದ ಸಿಪಾಯಿ ಹುಡುಗ, ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡು ಬಾಕಿ ವಸೂಲಿಗೆ ದೆಹಲಿಗೆ ಬಂದಿದ್ದ ನಡುವಯಸ್ಸಿನವನು. ತಿಂಡಿ ಹಂಚಿಕೊಳ್ಳುತ್ತಾರೆ, ಕಥೆ ಹೇಳಿಕೊಳ್ಳುತ್ತಾರೆ, ಬೆಳಗಾಗುತ್ತದೆ. ಜನರನ್ನು ಚೆನ್ನಾಗಿ ಆರಿಸಿಕೊಂಡಿದ್ದೀಯ. ಆದರೆ ಕಥೆಯೊಳಗೆ ರಾತ್ರಿಯೇ ಇಲ್ಲ. ಮೂವರೂ ಕೂತ ಹತ್ತು ನಿಮಿಷಕ್ಕೇ ಅಂತರಂಗ ಬಿಚ್ಚಿಬಿಡುತ್ತಾರೆ, ಆಮೇಲೆ ಬೆಳಗಾಗುವ ತನಕ ಅವರಿಗೂ ಕೆಲಸವಿಲ್ಲ, ನಿನಗೂ ಕೆಲಸವಿಲ್ಲ. ಕಾಯುವವರ ಕಥೆ ಬರೆಯುವವಳು ಅವರು ಯಾವುದಕ್ಕಾಗಿ ಕಾಯುತ್ತಿದ್ದಾರೆ, ಅದು ಯಾಕೆ ಬರುತ್ತಿಲ್ಲ ಅನ್ನುವುದನ್ನು ಅವರಿಗಿಂತ ಚೆನ್ನಾಗಿ ತಿಳಿದಿರಬೇಕು. ನೀನು "ಹವಾಮಾನ ವೈಪರೀತ್ಯದಿಂದ" ಅಂತ ಎರಡು ಪದದಲ್ಲಿ ಮುಗಿಸಿದ್ದೀಯ. ವಿಮಾನ ಸಂಸ್ಥೆಯ ಕೌಂಟರಿನ ಈಚೆ ಕೂತು ಆ ಎರಡು ಪದ ಹೇಳಿ ಬೈಸಿಕೊಂಡವಳು ನಾನು. ಅದರೊಳಗೆ ಏನಿತ್ತು ಅಂತ ಹೇಳುತ್ತೇನೆ, ಕೇಳು.

ಜನವರಿಯ ದೆಹಲಿ ಮಂಜು ನಿಮ್ಮ ದೇವನಹಳ್ಳಿಯಲ್ಲಿ ಬೆಳಗಿನ ಜಾವ ಬಂದು ಹೋಗುವಂಥದ್ದಲ್ಲ. ಒಂದೆರಡು ದಿನ ಹಿಂದೆ ಸಣ್ಣಗೆ ಮಳೆ ಬಿದ್ದಿರುತ್ತದೆ, ಸುತ್ತಲಿನ ಗೋಧಿ ಹೊಲಗಳು ಹೇಗೂ ಒದ್ದೆ. ಆಕಾಶ ತಿಳಿಯಾಗಿ ಗಾಳಿ ಸತ್ತುಹೋದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೆಲದ ಮೇಲಿನ ತೇವ ಮಂಜಾಗಿ ನಿಲ್ಲುತ್ತದೆ. ಊರಿನ ಹೊಗೆ ದೂಳು ಅದಕ್ಕೆ ಸೇರಿಕೊಳ್ಳುತ್ತವೆ. ಮಧ್ಯರಾತ್ರಿಯ ಹೊತ್ತಿಗೆ ಶುರುವಾದರೆ ಬೆಳಗಿನ ಜಾವಕ್ಕೆ ದಟ್ಟವಾಗುತ್ತಾ ಹೋಗಿ, ಬಿಸಿಲು ಬಲಿತ ಮೇಲೆ, ಎಂಟು ಒಂಬತ್ತು ಗಂಟೆಗೆ, ಕರಗಲು ಶುರು. ಅಂದರೆ ನಿನ್ನ ರಾತ್ರಿಗೆ ತಾನಾಗಿಯೇ ಒಂದು ಏರಿಕೆ ಇದೆ. ಹೊತ್ತು ಹೋದಂತೆ ಪರಿಸ್ಥಿತಿ ಕೆಡುತ್ತದೆ, ಸುಧಾರಿಸುವುದಿಲ್ಲ. ನೀನು ರಾತ್ರಿ ಎರಡಕ್ಕೆ "ಮಂಜು ಸ್ವಲ್ಪ ತಿಳಿಯಾಯಿತು" ಅಂತ ಬರೆದಿದ್ದೀಯ. ಗಾಳಿ ಎದ್ದರೆ ಹಾಗೂ ಆಗಬಹುದು, ಆದರೆ ನಿನ್ನ ಕಥೆಯಲ್ಲಿ ಗಾಳಿ ಎದ್ದಿಲ್ಲ.

ಇನ್ನೊಂದು ವಿಷಯ ಪ್ರಯಾಣಿಕರಿಗೆ ಗೊತ್ತಿರುವುದಿಲ್ಲ, ಜಗಳಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ರನ್‌ವೇ ಪಕ್ಕದ ಉಪಕರಣಗಳು ಪೈಲಟ್ಟಿಗೆ ಎಷ್ಟು ದೂರ ಕಾಣುತ್ತದೆ ಅಂತ ಮೀಟರ್ ಲೆಕ್ಕದಲ್ಲಿ ಹೇಳುತ್ತಿರುತ್ತವೆ. ನಾವು ಅದನ್ನು ಆರ್‌ವಿಆರ್ ಅನ್ನುತ್ತಿದ್ದೆವು. 50 ಮೀಟರ್ ಕಂಡರೂ ವಿಮಾನ ಇಳಿಸುವ ವ್ಯವಸ್ಥೆ ದೆಹಲಿಯಲ್ಲಿದೆ, ಆದರೆ ಅದಕ್ಕೆ ತಕ್ಕ ಸಲಕರಣೆ ಆ ವಿಮಾನದಲ್ಲಿರಬೇಕು, ಪೈಲಟ್ಟುಗಳಿಗೂ ಅದರ ತರಬೇತಿ ಆಗಿರಬೇಕು. ಮೇಲೇರುವುದಕ್ಕೆ ಬೇಕಾದದ್ದು ಸಾಮಾನ್ಯವಾಗಿ 125 ಮೀಟರ್. ಈಗ ನೋಡು, ಗಾಜಿನಾಚೆ ಒಂದು ವಿಮಾನ ಇಳಿದು ನಿಧಾನಕ್ಕೆ ಹತ್ತಿರ ಬರುತ್ತದೆ. ನಿನ್ನ ಪೀಣ್ಯದವನು ಎದ್ದು, "ಅದು ಇಳೀತಲ್ಲ, ನಮ್ಮದಕ್ಕೇನು ರೋಗ?" ಅಂತ ಕೌಂಟರಿಗೆ ಹೋಗುತ್ತಾನೆ. ಕೌಂಟರಿನ ಹುಡುಗಿಗೆ ಉತ್ತರ ಗೊತ್ತು, ಆದರೆ ಮುಂದೆ ನಿಂತ ನಲವತ್ತು ಜನಕ್ಕೆ ಅದನ್ನು ವಿವರಿಸುವ ಶಕ್ತಿ ಇಲ್ಲ. "ಸರ್, ವೆದರ್" ಅನ್ನುತ್ತಾಳೆ. ಅವನು ಸುಳ್ಳು ಕೇಳಿಸಿಕೊಂಡವನ ಹಾಗೆ ವಾಪಸು ಬಂದು ಕೂರುತ್ತಾನೆ. ಮೊದಲು ಕೂತಿದ್ದ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ, ಹಾಗಾಗಿ ಅಜ್ಜಿಯ ಪಕ್ಕ. ಅವರಿಬ್ಬರನ್ನು ಹತ್ತಿರ ತರಲು ನೀನು ಕಾಕತಾಳೀಯ ಹುಡುಕುವ ಅಗತ್ಯವಿರಲಿಲ್ಲ.

ಈಗ ಒಂದು ರಾತ್ರಿಯ ಲೆಕ್ಕ ಹಾಕಿಕೊಡುತ್ತೇನೆ. ಬೇಕಾದರೆ ಹಾಗೇ ಬಳಸು. ಬೆಂಗಳೂರಿನ ವಿಮಾನ ರಾತ್ರಿ 11:20ಕ್ಕೆ ಅಂತ ಇಟ್ಟುಕೋ. ಆ ವಿಮಾನ ಗೇಟಿನಲ್ಲಿ ಸುಮ್ಮನೆ ನಿಂತಿರುವುದಿಲ್ಲ, ಮುಂಬೈಯಿಂದ ಬರಬೇಕು. ಬಂತು, ಮೇಲೆ ಸುತ್ತು ಹಾಕಿತು, ಇಳಿಯಲಾಗಲಿಲ್ಲ, ಜೈಪುರಕ್ಕೆ ಹೋಯಿತು. ಪರದೆಯ ಮೇಲೆ ಇದು ಯಾವುದೂ ಬರುವುದಿಲ್ಲ. 11:20 ಇದ್ದದ್ದು 12:30 ಆಗುತ್ತದೆ. ಆಮೇಲೆ 1:45. ಆಮೇಲೆ 3:30. ಮೊದಲೇ "ಬೆಳಗ್ಗೆ ಹತ್ತಕ್ಕೆ" ಅಂತ ಹೇಳಬಾರದೇ ಅಂತ ನೀನು ಕೇಳಬಹುದು. ಹೇಳುವವರಿಗೂ ಗೊತ್ತಿರುವುದಿಲ್ಲ. ಒಂದು ಗಂಟೆಯಲ್ಲಿ ತಿಳಿಯಾಗಿಬಿಟ್ಟರೆ ಜನ ಗೇಟಿನ ಹತ್ತಿರ ಇರಬೇಕಲ್ಲ? ಹಾಗಾಗಿ ಆಸೆಯನ್ನು ತುಂಡು ತುಂಡು ಮಾಡಿ ಕೊಡುತ್ತಾರೆ. ನಿನ್ನ ಪಾತ್ರಗಳ ಮಾತು ನಡೆಯಬೇಕಾದದ್ದು ಈ ತುಂಡುಗಳ ಲೆಕ್ಕದಲ್ಲಿ. ಪರದೆ 12:30 ಅಂದಾಗ ಯಾರೂ ಅಪರಿಚಿತರ ಜತೆ ಮಾತಾಡುವುದಿಲ್ಲ, ಮನೆಗೆ ಫೋನು ಮಾಡುತ್ತಾರೆ. 1:45 ಅಂದಾಗ ಪಕ್ಕದವರ ಮುಖ ನೋಡುತ್ತಾರೆ. 3:30 ಅಂದ ಮೇಲೆ ಚಪ್ಪಲಿ ಬಿಚ್ಚುತ್ತಾರೆ. ಅಜ್ಜಿ ಕಾಲು ಮಡಚಿ ಕೂರುವುದು ಅಲ್ಲಿ, ನಿನ್ನ ಮೊದಲ ಪುಟದಲ್ಲಲ್ಲ.

ಕಾನೂನೂ ನಿನಗೆ ಸಮಯ ಹೊಂದಿಸಿಕೊಡುತ್ತದೆ. ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎ ನಿಯಮದ ಪ್ರಕಾರ ಎರಡೂವರೆ ಗಂಟೆ ಮೀರಿದ ಹಾರಾಟಕ್ಕೆ ಮೂರು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ದೆಹಲಿ ಬೆಂಗಳೂರು ಆ ಲೆಕ್ಕಕ್ಕೆ ಸೇರುತ್ತದೆ. ಅಂದರೆ ವಿಮಾನ ಸಂಸ್ಥೆಯ ತಿಂಡಿ ಪೊಟ್ಟಣ ಬರುವುದು ಸುಮಾರು 2:20ರ ಮೇಲೆ. ನೀನು ಹನ್ನೆರಡಕ್ಕೇ ಎಲ್ಲರ ಕೈಗೂ ಸ್ಯಾಂಡ್‌ವಿಚ್ ಕೊಟ್ಟು, ತಿಂಡಿ ಹಂಚಿಕೊಳ್ಳುವ ಕಾರಣವನ್ನೇ ಕಿತ್ತುಹಾಕಿದ್ದೀಯ. ರಾತ್ರಿ ಎಂಟರಿಂದ ಮೂರರೊಳಗೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೊಡಬೇಕು ಅಂತಲೂ ನಿಯಮವಿದೆ. ನಿನ್ನ ಜನರಿಗೆ ಅದು 5:20ಕ್ಕೆ ಬರುತ್ತದೆ, ಮಂಜು ಅತಿ ದಟ್ಟವಾಗಿ ರಸ್ತೆಯೂ ಕಾಣದ ಹೊತ್ತಿಗೆ. ಹೋಗುವವರು ಯಾರು, ಉಳಿಯುವವರು ಯಾರು? ಅಜ್ಜಿ ಹೋಗುವುದಿಲ್ಲ, ಹೋಟೆಲಿನಲ್ಲಿ ಒಬ್ಬಳೇ ಮಲಗುವುದಕ್ಕಿಂತ ಇಲ್ಲಿಯೇ ವಾಸಿ ಅನ್ನುತ್ತಾಳೆ. ಪೀಣ್ಯದವನಿಗೆ ಹೋಗುವ ಆಸೆ. ಇಲ್ಲಿ ಅವನನ್ನು ಸ್ವಲ್ಪ ಒದ್ದಾಡಿಸು.

ನಿನ್ನ ಸಿಪಾಯಿ ರಾತ್ರಿ ಒಂದಕ್ಕೆ ಹೊರಗೆ ಹೋಗಿ ಗಾಡಿಯ ಚಹಾ ತರುತ್ತಾನೆ. ಆಗುವುದಿಲ್ಲ ಮಗೂ. ಭದ್ರತಾ ತಪಾಸಣೆ ದಾಟಿ ಒಳಗೆ ಬಂದವನು ತನ್ನಿಷ್ಟಕ್ಕೆ ಹೊರಗೆ ಹೋಗುವಂತಿಲ್ಲ. ಹೋಗಲೇಬೇಕಾದರೆ ವಿಮಾನ ಸಂಸ್ಥೆಯ ಸಿಬ್ಬಂದಿ ಜತೆಯಲ್ಲಿ ಬಂದು, ನಿಲ್ದಾಣದ ಭದ್ರತೆ ನೋಡುವ ಸಿಐಎಸ್‌ಎಫ್‌ನವರ ಪುಸ್ತಕದಲ್ಲಿ ಬರೆಸಿ ಬಿಡಿಸಬೇಕು, ಮತ್ತೆ ಬರುವಾಗ ಎಲ್ಲ ಮೊದಲಿಂದ. ಆ ಚಹಾ ದೃಶ್ಯ ನಿನಗೆ ತುಂಬ ಇಷ್ಟ ಅಂತ ಗೊತ್ತಾಗುತ್ತದೆ, ಆದರೂ ತೆಗೆದುಬಿಡು. ಹೊರಗೆ ಹೋಗಲಾಗದ್ದೇ ಈ ಕಥೆಯ ಬಂಡವಾಳ. ಒಳಗಿನ ಚಹಾದ ಬೆಲೆ ನೋಡಿ ಅಜ್ಜಿ ಏನನ್ನುತ್ತಾಳೆ ಅಂತ ಬರೆ, ಅದು ಹೆಚ್ಚು ಚೆನ್ನಾಗಿರುತ್ತದೆ. ಹುಡುಗ ಹೋಗಬಹುದಾದದ್ದು ನೀರಿನ ನಲ್ಲಿಯ ತನಕ, ಖಾಲಿ ಬಾಟಲಿ ಹಿಡಿದು.

ಕುರ್ಚಿಗಳ ಬಗ್ಗೆಯೂ ಒಂದು ಮಾತು. ಗೇಟಿನ ಮುಂದಿನ ಹೆಚ್ಚಿನ ಕುರ್ಚಿಗಳಿಗೆ ನಡುನಡುವೆ ಕೈ ಇರುತ್ತದೆ, ಮಲಗಲು ಆಗುವುದಿಲ್ಲ. ಒರಗಿ ಮಲಗುವಂಥವು ಕೆಲವೇ, ಮಂಜಿನ ರಾತ್ರಿ ಅವು ಯಾವಾಗಲೋ ಭರ್ತಿ. ಜನ ನೆಲದ ಜಮಖಾನೆಯ ಮೇಲೆ ಮಲಗುತ್ತಾರೆ, ಗೋಡೆ ಪಕ್ಕದಲ್ಲಿ, ಚಾರ್ಜಿಂಗ್ ಪಾಯಿಂಟ್ ಇರುವ ಕಡೆ. ಎ.ಸಿ. ಚಳಿ ಬೇರೆ. ಅಜ್ಜಿಯ ಶಾಲು ಕೈಚೀಲದಲ್ಲಿದೆಯೋ, ಚೆಕ್-ಇನ್ ಮಾಡಿದ ಪೆಟ್ಟಿಗೆಯಲ್ಲಿ ಹೋಗಿಬಿಟ್ಟಿದೆಯೋ ಅಂತ ಮೊದಲೇ ತೀರ್ಮಾನ ಮಾಡಿಕೋ.

ಈಗ ಮಾತು ಶುರುವಾಗುವ ಬಗೆ. ನಿನ್ನ ಸಿಪಾಯಿ ಅಜ್ಜಿಯನ್ನು "ನೀವು ಎಲ್ಲಿಗೆ ಹೋಗುತ್ತಿದ್ದೀರಿ?" ಅಂತ ಕೇಳುತ್ತಾನೆ. ಬೆಂಗಳೂರಿನ ಗೇಟಿನ ಮುಂದೆ ಕೂತವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ನಾನು ರಾತ್ರಿ ಪಾಳಿಯಲ್ಲಿ ಕಂಡ ಹಾಗೆ, ಅಪರಿಚಿತರ ಮೊದಲ ಮಾತು ಎರಡೇ ವಿಷಯಕ್ಕೆ. ಒಂದು ಚಾರ್ಜರ್. ಇನ್ನೊಂದು, "ಸ್ವಲ್ಪ ಬ್ಯಾಗು ನೋಡ್ಕೋತೀರಾ, ಬಂದೆ." ಎರಡನೆಯದನ್ನು ಹಿಡಿ. ಅಪರಿಚಿತರ ಸಾಮಾನು ನೋಡಿಕೊಳ್ಳಬೇಡಿ, ಯಾರು ಏನು ಕೊಟ್ಟರೂ ತೆಗೆದುಕೊಳ್ಳಬೇಡಿ ಅನ್ನುವುದು ವಿಮಾನ ನಿಲ್ದಾಣದ ಮೊದಲ ಪಾಠ. ಅಜ್ಜಿಗೆ ಅವಳ ಅಳಿಯ ಕಾರಿನಲ್ಲಿ ಬರುವಾಗಲೇ ಇದನ್ನು ಎರಡು ಸಲ ಹೇಳಿರುತ್ತಾನೆ. ಅವನು ಒಳಗೆ ಬರುವಂತಿಲ್ಲ, ಟಿಕೆಟ್ ಇಲ್ಲದವರು ಬಾಗಿಲ ಆಚೆಯೇ. ಈಗ ಅಜ್ಜಿಗೆ ಶೌಚಾಲಯಕ್ಕೆ ಹೋಗಬೇಕು, ಚೀಲ ಭಾರ, ಮಂಡಿ ನೋವು. ಮುಂದೆ ಕೂತಿರುವ ಹುಡುಗ ಹಿಂದಿಯವನು. ಕನ್ನಡದವನಾಗಿ ಕಾಣುವ ಪೀಣ್ಯದವನು ಕೌಂಟರಿನಲ್ಲಿ ಕೂಗಾಡುತ್ತಿದ್ದಾನೆ. ಅವಳು ಕೈಸನ್ನೆಯಲ್ಲಿ ಹುಡುಗನಿಗೆ ಚೀಲ ತೋರಿಸುತ್ತಾಳೆ. ಅವನು ತಲೆಯಾಡಿಸುತ್ತಾನೆ. ಅವಳು ವಾಪಸು ಬಂದಾಗ ಅವನು ಅದೇ ಜಾಗದಲ್ಲಿ, ಚೀಲವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಕೂತಿದ್ದಾನೆ. ನೀನು ಎರಡು ಪುಟ ಸಂಭಾಷಣೆಯಲ್ಲಿ ಮಾಡಿಸಿದ ಪರಿಚಯ ಇಷ್ಟರಲ್ಲಿ ಮುಗಿಯಿತು. ಆ ಹುಡುಗ ಸೇನೆಯ ಸರಬರಾಜು ವಿಭಾಗದ ಎ.ಎಸ್.ಸಿ. ಸೆಂಟರಿನವನು ಅಂತ ಇಡು, ಬೆಂಗಳೂರಲ್ಲಿದ್ದು "ಬೇಡ", "ಸಾಕು", "ಎಷ್ಟು" ಅನ್ನುವಷ್ಟು ಕನ್ನಡ ಅವನಿಗೆ ಬರಲಿ. ತಿಂಡಿಯ ಹೊತ್ತಿಗೆ ಅಷ್ಟೇ ಸಾಕಾಗುತ್ತದೆ.

ತಿಂಡಿಗೆ ಬರೋಣ. ನಿಜ ಹೇಳಬೇಕೆಂದರೆ ನಾನು ಪತ್ರ ಬರೆಯಲು ಕೂತದ್ದೇ ಇದಕ್ಕೆ. ನಿನ್ನ ಅಜ್ಜಿ ಚೀಲದಿಂದ ಕೋಡುಬಳೆ ತೆಗೆಯುತ್ತಾಳೆ, ಹಿಂದೆಯೇ ಒಂದು ಇಡೀ ಒಣಕೊಬ್ಬರಿ. ತಿಪಟೂರಿನವಳಾದ್ದರಿಂದ ಕೊಬ್ಬರಿ ಇರಬೇಕು ಅಂತ ನೀನು ಲೆಕ್ಕ ಹಾಕಿದ್ದೀಯ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯದ ಸಾಮಾನುಗಳ ಪಟ್ಟಿಗೆ ಸೇರಿಸಿದ್ದಾರೆ. ಇಡೀ ಕೊಬ್ಬರಿ ಗಿಟುಕನ್ನು ಪೆಟ್ಟಿಗೆಯಲ್ಲಿ ಇಟ್ಟರೂ ತೆಗೆಸುತ್ತಾರೆ. ಎಷ್ಟೋ ಅಜ್ಜಿಯರು ಕೌಂಟರಿನಲ್ಲಿ ನನ್ನ ಜತೆ ಇದೇ ವಿಷಯಕ್ಕೆ ವಾದಿಸಿದ್ದಾರೆ, "ಬಾಂಬ್ ಅಲ್ಲಮ್ಮ, ಕೊಬ್ಬರಿ" ಅಂತ. ಅದನ್ನು ಬೇಕಾದರೆ ಬರುವಾಗಿನ ಪ್ರಯಾಣದ ನೆನಪಾಗಿ ಅವಳ ಬಾಯಲ್ಲಿ ಹೇಳಿಸು, ಬೆಂಗಳೂರಿನಲ್ಲಿ ತೆಗೆಸಿಟ್ಟರು ಅಂತ.

ಅದಕ್ಕಿಂತ ದೊಡ್ಡ ವಿಷಯ, ಅವಳು ಯಾವ ದಿಕ್ಕಿಗೆ ಹೋಗುತ್ತಿದ್ದಾಳೆ ಅಂತ ನೋಡು. ಬಾಣಂತನಕ್ಕೆ ಬಂದವಳು ಊರಿಂದ ತಂದ ಕೋಡುಬಳೆ ಡಬ್ಬಿ ಇಷ್ಟು ಹೊತ್ತಿಗೆ ಖಾಲಿಯಾಗಿ ತಿಂಗಳುಗಳೇ ಆಗಿರುತ್ತವೆ. ಊರಿಗೆ ಹೊರಟವರ ಚೀಲದಲ್ಲಿರುವುದು ಬಂದ ಊರಿನ ಸಾಮಾನು. ಅಜ್ಜಿಯ ಚೀಲದಲ್ಲಿ ಮೊಮ್ಮಕ್ಕಳಿಗೆ ಅಂತ ಮಗಳು ಕೊಡಿಸಿದ, ಉತ್ತರದವರ ಎಳ್ಳಿನ ಸಿಹಿಗಳಾದ ಗಜಕ್, ರೇವಡಿ ಇರುತ್ತದೆ. ಸಿಪಾಯಿಯ ಚೀಲದಲ್ಲಿ ಅವನಮ್ಮ ಮಾಡಿದ ಪಿನ್ನಿ, ಗೋಧಿ ಹಿಟ್ಟು ತುಪ್ಪದಲ್ಲಿ ಹುರಿದು ಬೆಲ್ಲ ಹಾಕಿ ಕಟ್ಟಿದ ಉಂಡೆ, ಅವನ ಜತೆಯ ಹುಡುಗರಿಗೆಲ್ಲ ಸಾಲಬೇಕು ಅಂತ ದೊಡ್ಡ ಡಬ್ಬಿಯಲ್ಲಿ. ಪೀಣ್ಯದವನ ಹತ್ತಿರ ಏನೂ ಇಲ್ಲ. ಅವನು ಹಣ ಕೇಳಲು ಬಂದವನು, ಯಾರೂ ಅವನಿಗೆ ಏನೂ ಕಟ್ಟಿಕೊಟ್ಟಿಲ್ಲ. ಈ ಒಂದು ವ್ಯತ್ಯಾಸ ನೀನು ಅವನ ಬಗ್ಗೆ ಬರೆದ ಇಡೀ ಪುಟಕ್ಕಿಂತ ಹೆಚ್ಚು ಹೇಳುತ್ತದೆ.

ನಿನ್ನ ಕಥೆಗೆ ದಿನಾಂಕ ಇಲ್ಲ. ಜನವರಿ 14ರ ರಾತ್ರಿ ಅಂತ ಇಡು. 2024ರಲ್ಲಿ ಆ ದಿನ ದೆಹಲಿಯಲ್ಲಿ ನಿಜವಾಗಿಯೂ ಭಾರಿ ಮಂಜು ಬಿದ್ದು ವಿಮಾನಗಳೆಲ್ಲ ಅಸ್ತವ್ಯಸ್ತವಾದವು. ಗೋವಾದಿಂದ ದೆಹಲಿಗೆ ಹೊರಟಿದ್ದ ಒಂದು ವಿಮಾನವನ್ನು ಮುಂಬೈಗೆ ತಿರುಗಿಸಿ, ಬೇಸತ್ತ ಪ್ರಯಾಣಿಕರು ಇಳಿದು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದ ವಿಡಿಯೊ ನೀನೂ ನೋಡಿರುತ್ತೀಯ. ಆಮೇಲೆ ಅದಕ್ಕೆ ದಂಡವೂ ಬಿತ್ತು. ಆ ವರ್ಷ ಸಂಕ್ರಾಂತಿ 15ಕ್ಕೆ. ಅಂದರೆ ಅಜ್ಜಿ ಹಬ್ಬಕ್ಕೆ ಮನೆ ಸೇರಬೇಕು ಅಂತ ಹೊರಟವಳು. ಹಾಗಿದ್ದ ಮೇಲೆ ಅವಳ ಚೀಲದಲ್ಲಿ ಎಳ್ಳು ಬೆಲ್ಲ ಇದ್ದೇ ಇರುತ್ತದೆ. ಊರಿಗೆ ಹೋಗಿ ಮಾಡಲು ಹೊತ್ತಾಗುವುದಿಲ್ಲ ಅಂತ ಮಗಳ ಮನೆಯಲ್ಲಿಯೇ ಬೆಲ್ಲ ಹೆಚ್ಚಿ, ಕೊಬ್ಬರಿ ಸಣ್ಣಗೆ ಕತ್ತರಿಸಿ ಒಣಗಿಸಿ, ಕಡಲೆಬೀಜ ಹುರಿದು ಸಿಪ್ಪೆ ತೆಗೆದು, ಹುರಿಗಡಲೆ ಸೇರಿಸಿ ಕಟ್ಟಿಕೊಂಡಿದ್ದಾಳೆ. ಸಣ್ಣ ಚೂರುಗಳಾದ್ದರಿಂದ ತಪಾಸಣೆಯಲ್ಲಿ ಯಾರೂ ತಡೆಯಲಿಲ್ಲ ಅಂತ ಇಡು.

ಎಳ್ಳು ಬೆಲ್ಲ ನಾವು ತಿನ್ನುವುದಕ್ಕಿಂತ ಬೀರುವುದಕ್ಕೆ ಮಾಡುವುದು. ನಿನ್ನ ಕಥೆಯಲ್ಲಿ ಅಜ್ಜಿ ಯಾಕೆ ಕೊಡುತ್ತಾಳೆ? "ಅವಳ ಹೃದಯ ದೊಡ್ಡದು" ಅಂತ ಬರೆದಿದ್ದೀಯ. ದೊಡ್ಡ ಹೃದಯ ಕಥೆಗೆ ಕಾರಣವಾಗುವುದಿಲ್ಲ. ಮಧ್ಯರಾತ್ರಿ ದಾಟಿತು, ತಾರೀಖು ಬದಲಾಯಿತು, ಹಬ್ಬ ಬಂತು, ಬೀರಬೇಕಾದ ಎಳ್ಳು ಕೈಯಲ್ಲಿದೆ, ಬೀರಲು ಮನೆ ಇಲ್ಲ. ಅವಳು ಸುತ್ತ ನೋಡುತ್ತಾಳೆ. ನಮ್ಮಲ್ಲಿ ಹಬ್ಬದ ದಿನ ಬೆಳಗ್ಗೆ ಸ್ನಾನ ಪೂಜೆ ಆಗದೆ ಬೀರುವುದಿಲ್ಲ, ಅವಳಿಗೂ ಅದು ಗೊತ್ತು, ಆದರೂ ಮುಂದಿನ ಸಾಲಿನಲ್ಲಿ ಒಂದು ಮಗು ಎಚ್ಚರವಾಗಿದೆ. ಈ ಒದ್ದಾಟ ಅವಳದು. ಇದನ್ನು ಅವಳಿಗೆ ಕೊಟ್ಟರೆ ಹೃದಯದ ಗಾತ್ರ ಹೇಳುವ ಅಗತ್ಯ ನಿನಗೆ ಬೀಳುವುದಿಲ್ಲ.

ಕೊಟ್ಟದ್ದನ್ನು ಎಲ್ಲರೂ ತೆಗೆದುಕೊಳ್ಳುವುದೂ ಇಲ್ಲ. ಇಲ್ಲಿಯೇ ನಿನ್ನ ಕಥೆ ತೀರಾ ಸಲೀಸು. ಮಗುವಿನ ತಾಯಿ ಮೊದಲು ಮಗುವಿನ ಕೈ ಹಿಂದಕ್ಕೆ ಎಳೆಯುತ್ತಾಳೆ, ಆಮೇಲೆ ಅಜ್ಜಿಯ ಮುಖ ನೋಡಿ ನಾಚಿಕೊಳ್ಳುತ್ತಾಳೆ. ಪೀಣ್ಯದವನಿಗೆ ಸಕ್ಕರೆ ಕಾಯಿಲೆ, "ಒಂದು ಕಾಳು ಸಾಕಮ್ಮ" ಅನ್ನುತ್ತಾನೆ, ಅವಳು ಮುಷ್ಟಿ ತುಂಬ ಹಾಕುತ್ತಾಳೆ. ಸಿಪಾಯಿ ತಿಂದು, ತನ್ನ ಡಬ್ಬಿ ಮುಂದೆ ಮಾಡುತ್ತಾನೆ. ಈಗ ಅಜ್ಜಿಗೆ ಕಷ್ಟ. ತಾನು ಕೊಡುವುದು ಸುಲಭ, ಇನ್ನೊಬ್ಬರ ಮನೆಯ ಬೇಯಿಸಿದ್ದನ್ನು ತಿನ್ನುವುದು ಅಷ್ಟು ಸುಲಭವಲ್ಲ. ಯಾರ ಮನೆಯೋ, ಯಾವ ಜನವೋ. ಅವಳ ವಯಸ್ಸಿನವರಲ್ಲಿ ಈ ಅಳುಕು ಇದೆ, ಇಲ್ಲ ಅಂತ ನಟಿಸಬೇಡ. ಅವಳು ಪಿನ್ನಿ ತೆಗೆದುಕೊಂಡು ಸೆರಗಿನಲ್ಲಿ ಇಟ್ಟುಕೊಳ್ಳುತ್ತಾಳೆ, "ಆಮೇಲೆ ತಿಂತೀನಿ" ಅನ್ನುತ್ತಾಳೆ. ಎಷ್ಟು ಹೊತ್ತಿಗೆ ತಿನ್ನುತ್ತಾಳೆ, ತಿನ್ನುತ್ತಾಳೆಯೇ ಇಲ್ಲವೇ ಅನ್ನುವುದು ನಿನ್ನ ಕೈಯಲ್ಲಿದೆ. ಪರದೆಯ ಮೇಲಿನ ಗಂಟೆಯ ಜತೆ ಓದುಗರು ಇದನ್ನೂ ಕಾಯುತ್ತಾರೆ. ನನ್ನನ್ನು ಕೇಳಿದರೆ ಸಂಸ್ಥೆಯ ಪೊಟ್ಟಣ ಬಂದಾಗ ತಿನ್ನಲಿ. ಆ ಪೊಟ್ಟಣದಲ್ಲಿ ಏನು ಬೆರೆಸಿದ್ದಾರೋ ಅಂತ ಅದನ್ನು ಪಕ್ಕಕ್ಕೆ ಸರಿಸಿ, ಸೆರಗಿನ ಗಂಟು ಬಿಚ್ಚಲಿ.

ಪೊಟ್ಟಣ ಬರುವ ಹೊತ್ತು ಬಹಳ ಕೆಟ್ಟ ಹೊತ್ತು, ಅದನ್ನು ಬಿಡಬೇಡ. ಎಳ್ಳು ಬೆಲ್ಲ ಹಂಚಿಕೊಂಡು ತಿಂದವರು, ಒಂದು ಪೊಟ್ಟಣ ಕಡಿಮೆ ಬಿತ್ತು ಅಂದ ಕೂಡಲೇ ಬೋರ್ಡಿಂಗ್ ಪಾಸ್ ಎತ್ತಿ ಹಿಡಿದು ಸಾಲಿನಲ್ಲಿ ನೂಕಾಡುತ್ತಾರೆ. ಒಂದು ರಾತ್ರಿ ನನ್ನ ಮುಖಕ್ಕೆ ಬೆರಳು ಮಾಡಿ ಕೂಗಿದ ಒಬ್ಬ ಯಜಮಾನರು ನಾಲ್ಕು ಗಂಟೆಯ ಹೊತ್ತಿಗೆ ಬಂದು, ಏನೂ ಮಾತಾಡದೆ, ಕೌಂಟರಿನ ಮೇಲೆ ಮಠ್ರಿ ಅನ್ನುವ ಉತ್ತರದವರ ಕರಿದ ತಿಂಡಿಯ ಪೊಟ್ಟಣ ಇಟ್ಟು ಹೋದರು. ಕ್ಷಮೆ ಕೇಳಲಿಲ್ಲ. ನಾವು ಮೂವರು ಹುಡುಗಿಯರು ಅದನ್ನು ತಿಂದೆವು, ಬೆಳಗ್ಗೆ ಆರಕ್ಕೆ ಅವರೇ ಬಂದು ಮತ್ತೆ ಕೂಗಿದರು. ಜನ ಹಾಗೆಯೇ, ಒಂದೇ ರಾತ್ರಿಯಲ್ಲಿ ಎರಡೂ. ನಿನ್ನ ಪೀಣ್ಯದವನು ಒಳ್ಳೆಯವನಾದ ಮೇಲೆ ಒಳ್ಳೆಯವನಾಗಿಯೇ ಉಳಿದುಬಿಡುತ್ತಾನೆ. ಅವನಿಂದ ಇನ್ನೊಂದು ಸಲ ಜಗಳ ಮಾಡಿಸು.

ಕಥೆ ಹೇಳಿಕೊಳ್ಳುವುದರ ಬಗ್ಗೆ. ಯಾರೂ ತಮ್ಮ ಬದುಕನ್ನು ಮೊದಲಿಂದ ಕೊನೆಯ ತನಕ ಹೇಳುವುದಿಲ್ಲ. ಒಂದು ವಸ್ತುವಿನಿಂದ ಶುರುವಾಗುತ್ತದೆ, ಪರದೆ ಬದಲಾದಾಗ ನಿಲ್ಲುತ್ತದೆ, ಮತ್ತೆ ಬೇರೆ ಕಡೆಯಿಂದ ಶುರುವಾಗುತ್ತದೆ. ಸಿಪಾಯಿ ಪಿನ್ನಿ ಡಬ್ಬಿ ತೋರಿಸಿ, ಅಮ್ಮನಿಗೆ ಈ ಸಲ ಕಣ್ಣು ಸರಿಯಾಗಿ ಕಾಣುತ್ತಿಲ್ಲ, ಹಿಟ್ಟು ಸ್ವಲ್ಪ ಸೀದಿದೆ ಅನ್ನುತ್ತಾನೆ. ಅಷ್ಟೇ. ಅವನ ರಜೆ ಹೇಗಿತ್ತು ಅಂತ ನಮಗೆ ಗೊತ್ತಾಯಿತು. ಪೀಣ್ಯದವನು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವಾಗ ಸೀದ ವಿಷಯ ಬಿಟ್ಟು ಕಣ್ಣಿನ ವಿಷಯ ಮಾತ್ರ ಹೇಳುತ್ತಾನೆ. ಅಜ್ಜಿ ಆಮೇಲೆ ತಿಂದಾಗ ನಾಲಿಗೆಗೆ ತಾನೇ ಗೊತ್ತಾಗುತ್ತದೆ. ಅವಳು ಏನೂ ಅನ್ನುವುದಿಲ್ಲ, ಇನ್ನೊಂದು ಕೇಳುತ್ತಾಳೆ.

ಅಜ್ಜಿಯ ಕಥೆಯನ್ನು ನೀನು ತುಂಬ ಬಿಡಿಸಿ ಹೇಳಿದ್ದೀಯ. ಬೀಗತಿ ಬಂದದ್ದರಿಂದ ತನ್ನನ್ನು ಬೇಗ ಕಳಿಸಿಬಿಟ್ಟರು ಅಂತ ಅವಳು ಅಪರಿಚಿತರ ಮುಂದೆ ಅಳುತ್ತಾಳೆ. ತಿಪಟೂರಿನ ಅಜ್ಜಿ ಮಗಳ ಮನೆಯ ಮರ್ಯಾದೆ ತೆಗೆಯುವುದಿಲ್ಲ ಪುಟ್ಟಿ. ಅವಳು ಮಗುವಿನ ಬಗ್ಗೆ ಹೇಳುತ್ತಾಳೆ. ಎಣ್ಣೆ ನೀರು ಹಾಕಿದರೆ ಎಷ್ಟು ಹೊತ್ತು ಮಲಗುತ್ತದೆ, ಯಾವ ಪದ ಹೇಳಿದರೆ ಅಳು ನಿಲ್ಲಿಸುತ್ತದೆ. ಪೀಣ್ಯದವನು, "ಇನ್ನೊಂದೆರಡು ತಿಂಗಳು ಇರಬಹುದಿತ್ತಲ್ಲಮ್ಮ?" ಅಂದರೆ, "ಟಿಕೆಟ್ಟು ಅಗ್ಗಕ್ಕೆ ಸಿಕ್ತಂತೆ" ಅನ್ನಲಿ. ಹಬ್ಬದ ಹಿಂದಿನ ರಾತ್ರಿಯ ಟಿಕೆಟ್ಟು ಅಗ್ಗಕ್ಕೆ ಸಿಕ್ಕುವುದಿಲ್ಲ ಅಂತ ಅವನಿಗೆ ಗೊತ್ತು. ಅವನು ಸುಮ್ಮನಾಗುತ್ತಾನೆ.

ಬೆಳಗು. ನೀನು ಮಂಜು ಕರಗಿದ ಕೂಡಲೇ ವಿಮಾನ ಹಾರಿಸಿದ್ದೀಯ. ಒಂಬತ್ತಕ್ಕೆ ಬಿಸಿಲು ಬಂತು, ಗಾಜಿನಾಚೆ ದೂರದ ದೀಪಕಂಬಗಳೆಲ್ಲ ಕಾಣುತ್ತಿವೆ, ಜನ ಎದ್ದು ನಿಂತು ಚೀಲ ಹೆಗಲಿಗೆ ಹಾಕಿದ್ದಾರೆ. ವಿಮಾನ ಇನ್ನೂ ಜೈಪುರದಲ್ಲಿದೆ. ಅಲ್ಲಿಂದ ತರಬೇಕಾದ ಪೈಲಟ್ಟುಗಳ ಕರ್ತವ್ಯದ ಅವಧಿ ಮುಗಿದಿದೆ. ಅವರ ಗಂಟೆ ಎಣಿಸುವುದು ವಿಮಾನ ಹಾರಿದಾಗಿನಿಂದ ಅಲ್ಲ, ಕೆಲಸಕ್ಕೆ ಹಾಜರಾದಾಗಿನಿಂದ, ರಾತ್ರಿ ಪಾಳಿಗೆ ಮಿತಿ ಇನ್ನೂ ಬಿಗಿ. ಬೇರೆ ಪೈಲಟ್ಟುಗಳು ಬೇಕು. ಮಂಜಿನ ದಿನ ಎಲ್ಲ ಸಂಸ್ಥೆಗಳಿಗೂ ಒಂದೇ ಸಲ ಬೇರೆ ಪೈಲಟ್ಟುಗಳು ಬೇಕು. ಎರಡು ಗಂಟೆ ಹೀಗೇ ಹೋಗುತ್ತದೆ. ಕೌಂಟರಿನಲ್ಲಿ ಕೂತವರಿಗೆ ಇಡೀ ರಾತ್ರಿಗಿಂತ ಈ ಎರಡು ಗಂಟೆ ಕಷ್ಟ, ಹೊರಗೆ ಬಿಸಿಲು ಇರುವಾಗ "ವೆದರ್" ಅನ್ನುವಂತಿಲ್ಲ. ನಿನ್ನ ಮೂವರಿಗೂ ಇದು ಕಷ್ಟದ ಹೊತ್ತೇ. ರಾತ್ರಿ ಹೇಳಿದ್ದು ಹೆಚ್ಚಾಯಿತೇನೋ ಅಂತ ಬೆಳಕಿನಲ್ಲಿ ಅನ್ನಿಸುತ್ತದೆ. ಪೀಣ್ಯದವನು ಫೋನಿನಲ್ಲಿ ಮುಳುಗುತ್ತಾನೆ, ಹುಡುಗ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾನೆ, ಅಜ್ಜಿ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ನಿನ್ನ ಕಥೆಯಲ್ಲಿ ಇಲ್ಲದ ಭಾಗ ಇದು, ನನ್ನ ಮಟ್ಟಿಗೆ ಕಥೆಯ ಅತಿ ಒಳ್ಳೆಯ ಭಾಗ ಇಲ್ಲಿದೆ.

ಕೊನೆಯಲ್ಲಿ ಮೂವರೂ ಫೋನ್ ನಂಬರ್ ಬದಲಾಯಿಸಿಕೊಂಡು, ಪ್ರತಿ ಸಂಕ್ರಾಂತಿಗೆ ಸೇರೋಣ ಅಂತ ಮಾತು ಕೊಟ್ಟುಕೊಳ್ಳುವುದು ಬೇಡ. ಹೋಗುವಾಗ ಸಿಪಾಯಿ ಹಿಂದಿನ ಸಾಲಿಗೆ, ಪೀಣ್ಯದವನು ಮುಂದಿನ ಸಾಲಿಗೆ, ಅಜ್ಜಿ ಗಾಲಿಕುರ್ಚಿಯಲ್ಲಿ ಎಲ್ಲರಿಗಿಂತ ಮೊದಲು. ಇಳಿದ ಮೇಲೆ ಬೆಂಗಳೂರಿನ ಬೆಲ್ಟಿನ ಹತ್ತಿರ ಮತ್ತೆ ಒಟ್ಟಿಗೆ ನಿಲ್ಲಬೇಕಾಗುತ್ತದೆ. ಅಲ್ಲಿ ಅವರು ಮಾತಾಡಲಿ, ಬಿಡಲಿ, ಯಾರಾದರೂ ಒಬ್ಬರು ಅಜ್ಜಿಯ ಪೆಟ್ಟಿಗೆ ಎತ್ತಿಕೊಡಬೇಕು, ಅವಳಿಗೆ ಆಗುವುದಿಲ್ಲ. ಯಾರು ಎತ್ತಿಕೊಡುತ್ತಾರೆ ಅನ್ನುವುದನ್ನು ನೀನೇ ನಿರ್ಧರಿಸು. ನಾನಾಗಿದ್ದರೆ ಸಿಪಾಯಿಯ ಕೈಯಲ್ಲಿ ಮಾಡಿಸುತ್ತಿರಲಿಲ್ಲ, ಅದು ಎಲ್ಲರೂ ನಿರೀಕ್ಷಿಸುವುದು.

ಇಷ್ಟು ತಿದ್ದಲು ನಿನಗೆ ಎರಡು ವಾರ ಸಾಕು. ಮುಂದಿನ ಪ್ರತಿಯನ್ನು ಫೋನಿಗೆ ಕಳಿಸಬೇಡ, ಸಣ್ಣ ಅಕ್ಷರ ಓದಿ ತಲೆ ನೋಯುತ್ತದೆ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಅಂಚಿನಲ್ಲಿ ಬರೆಯಲು ಜಾಗ ಬಿಟ್ಟು ಅಂಚೆಗೆ ಹಾಕು. ಗಜಕ್ ರೇವಡಿ ಹೇಗಿರುತ್ತದೆ ಅಂತ ತಿಂದು ನೋಡದೆ ಬರೆಯಬೇಡ, ಬೆಂಗಳೂರಲ್ಲೇ ಉತ್ತರದವರ ಸಿಹಿ ಅಂಗಡಿಗಳಲ್ಲಿ ಚಳಿಗಾಲದಲ್ಲಿ ಸಿಗುತ್ತದೆ. ನಿಮ್ಮಪ್ಪನಿಗೂ ಸ್ವಲ್ಪ ಕೊಡು, ಅವನಿಗೆ ಹಲ್ಲು ನೋವಿಲ್ಲದಿದ್ದರೆ.

ಇಂತಿ ನಿನ್ನ
ಅತ್ತೆ